ತಪ್ಪು ಪಾಸ್‌ಕೋಡ್ ಒತ್ತಿ ಬಂದಾದ ಐಫೋನ್: ಲಕ್ಷಣ ನೋಡಿ ದಾರಿ ಹಿಡಿಯುವ ಕೈಪಿಡಿ

ಐಫೋನ್ ಬಂದಾದಾಗ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಒಳಗಿರುವುದನ್ನು ಹಾಗೆಯೇ ಉಳಿಸಿಕೊಂಡು ಬೀಗ ತೆರೆಯಬಹುದೇ? ಪಾಸ್‌ಕೋಡ್ ನೆನಪಾಗದಿದ್ದರೆ, ಮುಂದೆ ಹೇಳುವ ಹಳೆಯ ಪಾಸ್‌ಕೋಡಿನ ಒಂದು ದಾರಿ ಬಿಟ್ಟರೆ, ಸಾಧ್ಯವಿಲ್ಲ. ಐಫೋನಿನಲ್ಲಿ ಪಾಸ್‌ಕೋಡ್ ಬರೀ ಪರದೆ ತೆರೆಯುವ ಸಂಖ್ಯೆಯಲ್ಲ. ಆ ಸಂಖ್ಯೆಯನ್ನೂ ಚಿಪ್‌ನೊಳಗೆ ಅಚ್ಚಾಗಿರುವ, ಯಾರಿಗೂ ಓದಲು ಬಾರದ ಒಂದು ಗುಟ್ಟಿನ ಕೀಲಿಯನ್ನೂ ಬೆರೆಸಿಯೇ ನಿಮ್ಮ ಫೋಟೋ, ಸಂದೇಶಗಳನ್ನೆಲ್ಲ ಗೂಢಲಿಪಿಯಲ್ಲಿ ಇಟ್ಟಿರುತ್ತಾರೆ. ಚಿಪ್ ಕಿತ್ತು ಬೇರೆ ಬೋರ್ಡಿಗೆ ಹಾಕಿದರೂ ಏನೂ ಸಿಗುವುದಿಲ್ಲ.

ಹಾಗಾಗಿ ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಹೊಸದಾಗಿಸುವ ರಿಕವರಿ ಮೋಡ್ ಮಾಡುವ ಕೆಲಸ ಬೇರೆ. ಅದು ಹಳೆಯ ಕೀಲಿಯನ್ನು ಅಳಿಸಿ, ಫೋನನ್ನು ನಡೆಸುವ ತಂತ್ರಾಂಶವಾದ ಐಓಎಸ್ ಅನ್ನು ಹೊಸದಾಗಿ ತುಂಬುತ್ತದೆ. ನಿಮಗೆ ಮರಳಿ ಸಿಗುವುದು ಹಿಂದೆ ಎಲ್ಲಾದರೂ ಬ್ಯಾಕಪ್ ಆಗಿದ್ದಷ್ಟು ಮಾತ್ರ. ಇದನ್ನು ತಿಳಿಯದೆ ಮೊದಲು ಅಳಿಸಿ ಆಮೇಲೆ ಬ್ಯಾಕಪ್ ಹುಡುಕುವವರೇ ಹೆಚ್ಚು. ಈ ಕೈಪಿಡಿಯಲ್ಲಿ ಹುಡುಕಾಟ ಮೊದಲು, ಅಳಿಸುವುದು ಆಮೇಲೆ.

ಉದಾಹರಣೆಗೆ ಹಾಸನದಲ್ಲಿರುವ ನನ್ನ ಚಿಕ್ಕಮ್ಮನ ಐಫೋನ್ 11 ಅನ್ನು ತೆಗೆದುಕೊಂಡಿದ್ದೇನೆ. ಮೊಮ್ಮಗ ಆಟವಾಡಲೆಂದು ತೋಚಿದ ಸಂಖ್ಯೆಗಳನ್ನೆಲ್ಲ ಒತ್ತಿದ್ದ. ಅದೇ ವಾರ ಚಿಕ್ಕಮ್ಮ ಪಾಸ್‌ಕೋಡ್ ಬದಲಿಸಿ, ಹೊಸದನ್ನು ಮರೆತಿದ್ದರು. ಎರಡೂ ಸೇರಿ ಕೆಲಸ ಕೆಟ್ಟಿತ್ತು.

ಲಕ್ಷಣ: "iPhone Unavailable" ಎಂದು ಬಂದಿದೆ, ಕೆಳಗೆ ಇಷ್ಟು ನಿಮಿಷ ಬಿಟ್ಟು ಪ್ರಯತ್ನಿಸಿ ಎಂದಿದೆ

ಇನ್ನೂ ಅವಕಾಶ ಇದೆ ಎಂದರ್ಥ. ಮೊದಲ ಕೆಲವು ತಪ್ಪುಗಳಿಗೆ ಫೋನ್ ಸುಮ್ಮನಿರುತ್ತದೆ. ಆಮೇಲೆ 1 ನಿಮಿಷ, 5 ನಿಮಿಷ, 15 ನಿಮಿಷ, 1 ಗಂಟೆ ಎಂದು ಕಾಯಿಸುತ್ತದೆ. ಹೊಸ ಆವೃತ್ತಿಗಳಲ್ಲಿ ಇದು 3 ಗಂಟೆ, 8 ಗಂಟೆಯವರೆಗೂ ಹೋಗುತ್ತದೆ. ಹತ್ತನೆಯ ತಪ್ಪಿಗೆ ಬಾಗಿಲು ಪೂರ್ತಿ ಮುಚ್ಚುತ್ತದೆ. ಸೆಟ್ಟಿಂಗ್ಸ್‌ನಲ್ಲಿ "Erase Data" ಆನ್ ಮಾಡಿಟ್ಟಿದ್ದರೆ ಆ ಹತ್ತನೆಯ ತಪ್ಪಿಗೆ ಫೋನ್ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ.

ಇಲ್ಲಿ ಮಾಡಬೇಕಾದದ್ದು ಖರ್ಚಿಲ್ಲದ ಕೆಲಸ: ಫೋನನ್ನು ಮೇಜಿನ ಮೇಲಿಟ್ಟು ಕಾಯುವುದು. ಜೇಬಿನಲ್ಲಿ, ಚೀಲದಲ್ಲಿ ಇಡಬೇಡಿ. ಪರದೆ ಬಟ್ಟೆಗೆ ತಾಗಿ ತಾನಾಗಿ ಒತ್ತಿಕೊಂಡರೆ ಉಳಿದ ಅವಕಾಶವೂ ಹೋಗುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಗಡಿಯಾರ ಮೋಸಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಆಗುವುದು ತಿರುಗುಮುರುಗು: ಮರುಚಾಲನೆ ಮಾಡಿದರೆ ಆ ಕಾಯುವ ಅವಧಿ ಮೊದಲಿನಿಂದ ಶುರುವಾಗುತ್ತದೆ.

ಆಫ್ ಮಾಡದಿರಲು ಇನ್ನೊಂದು ಕಾರಣವೂ ಇದೆ. ಮರುಚಾಲನೆಯಾದ ಐಫೋನ್ ಒಮ್ಮೆ ಪಾಸ್‌ಕೋಡ್ ಪಡೆಯುವ ತನಕ ಮನೆಯ ವೈಫೈ ಪಾಸ್‌ವರ್ಡನ್ನು ಓದಲಾರದು, ಅಂದರೆ ವೈಫೈಗೆ ಸೇರುವುದಿಲ್ಲ. ಮುಂದೆ ಹೇಳುವ ಕಂಪ್ಯೂಟರ್ ಬೇಡದ ಸುಲಭದ ದಾರಿಗೆ ಇಂಟರ್ನೆಟ್ ಬೇಕು. ಆಗ ಮೊಬೈಲ್ ಡೇಟಾ ಒಂದೇ ಗತಿ. ಸಿಮ್‌ಗೂ ಪಿನ್ ಹಾಕಿದ್ದರೆ ಅದೂ ಇಲ್ಲ.

ಕಾಯುವಾಗ ನೆನಪನ್ನು ಕೆದಕುವುದಕ್ಕೂ ಒಂದು ಕ್ರಮವಿರಲಿ. ಪರದೆ ಕೇಳುತ್ತಿರುವುದು ನಾಲ್ಕು ಅಂಕಿಯೋ ಆರು ಅಂಕಿಯೋ ನೋಡಿ. ಆರು ಚುಕ್ಕೆ ಇದ್ದರೆ ನಾಲ್ಕಂಕಿಯ ಎಟಿಎಮ್ ಪಿನ್ ಅಲ್ಲ, ಆರಂಕಿಯ ಯುಪಿಐ ಪಿನ್ ಇರಬಹುದು. ಸಾಧ್ಯತೆಗಳನ್ನು ಕಾಗದದಲ್ಲಿ ಬರೆದು, ಒತ್ತಿದ್ದನ್ನು ಹೊಡೆದುಹಾಕುತ್ತ ಹೋಗಿ. ತುರ್ತು ಬಂದರೆ ಚಿಂತೆ ಬೇಡ, ಬಂದಾದ ಫೋನಿನಿಂದಲೂ 112ಕ್ಕೆ ಕರೆ ಮಾಡಬಹುದು.

ಲಕ್ಷಣ: ಎರಡು ಮೂರು ದಿನದ ಹಿಂದಷ್ಟೇ ಪಾಸ್‌ಕೋಡ್ ಬದಲಿಸಿದ್ದೀರಿ, ಹಳೆಯದು ನೆನಪಿದೆ

ಇದು ಅತಿ ಅಗ್ಗದ ಪರಿಹಾರ, ಆದರೆ ಹೆಚ್ಚಿನವರಿಗೆ ಗೊತ್ತಿಲ್ಲ. ಐಓಎಸ್ 17 ಮತ್ತು ನಂತರದ ಆವೃತ್ತಿಗಳಲ್ಲಿ ಪಾಸ್‌ಕೋಡ್ ಬದಲಿಸಿದ 72 ಗಂಟೆಗಳವರೆಗೆ ಹಳೆಯ ಪಾಸ್‌ಕೋಡ್ ಅನ್ನು ಫೋನ್ ಮರೆಯುವುದಿಲ್ಲ. ಕೆಲವು ತಪ್ಪುಗಳ ನಂತರ ಪರದೆಯ ಕೆಳಗೆ "Forgot Passcode?" ಬರುತ್ತದೆ. ಅದನ್ನು ಒತ್ತಿದಾಗ "Enter Previous Passcode" ಕಾಣಿಸಿದರೆ ಅಲ್ಲಿ ಹಳೆಯದನ್ನು ಹಾಕಿ. ಆಗ ಹೊಸ ಪಾಸ್‌ಕೋಡ್ ಇಡಲು ಬಿಡುತ್ತದೆ. ಏನೂ ಅಳಿಯುವುದಿಲ್ಲ.

ಚಿಕ್ಕಮ್ಮನ ವಿಷಯದಲ್ಲಿ ನಾವು ಮೊದಲು ನೋಡಿದ್ದೇ ಇದನ್ನು. ಬದಲಿಸಿ ಐದಾರು ದಿನ ಕಳೆದಿದ್ದರಿಂದ ಆ ಸಾಲು ಅಲ್ಲಿರಲಿಲ್ಲ.

ಲಕ್ಷಣ: ಯಾರೂ ಮುಟ್ಟದೆಯೇ ಅಂಕಿಗಳು ಒತ್ತಿಕೊಳ್ಳುತ್ತಿವೆ, ಅಥವಾ ಒಂದು ಸಾಲಿನ ಅಂಕಿ ಒತ್ತಿದರೂ ಹತ್ತುತ್ತಿಲ್ಲ

ನಿಮಗೆ ಪಾಸ್‌ಕೋಡ್ ಸರಿಯಾಗಿ ನೆನಪಿದೆ, ಆದರೂ ಫೋನ್ ತಪ್ಪು ಎನ್ನುತ್ತದೆ ಎಂದಾದರೆ ಸ್ಪರ್ಶಪರದೆಯನ್ನು ಅನುಮಾನಿಸಿ. ನಿಧಾನವಾಗಿ ಒಂದೊಂದೇ ಅಂಕಿ ಒತ್ತಿ. ಪ್ರತಿ ಒತ್ತಿಗೂ ಒಂದೇ ಚುಕ್ಕೆ ತುಂಬಬೇಕು, ಒತ್ತಿದ ಅಂಕಿಯೇ ಮಿನುಗಬೇಕು. ಪರದೆ ಒಡೆದಿದ್ದರೆ, ನೀರು ಹೋಗಿದ್ದರೆ, ಅಥವಾ ಕಡಿಮೆ ಬೆಲೆಯ ಪರದೆ ಹಾಕಿಸಿದ್ದರೆ ತಾನಾಗಿ ಒತ್ತಿಕೊಳ್ಳುವ ರೋಗ ಬರುತ್ತದೆ. ಚಾರ್ಜರ್ ಚುಚ್ಚಿದಾಗ ಮಾತ್ರ ಹೀಗಾದರೆ ಚಾರ್ಜರ್ ಬದಲಿಸಿ ನೋಡಿ, ಪರದೆಯ ಮೇಲಿನ ರಕ್ಷಣಾ ಗಾಜನ್ನೂ ತೆಗೆದು ನೋಡಿ.

ದೋಷ ಪರದೆಯದ್ದೇ ಆಗಿದ್ದರೆ ಇಲ್ಲಿಗೆ ನಿಲ್ಲಿಸಿ. ಫೋನ್ ಅಳಿಸಿ ಹೊಸದಾಗಿ ಐಓಎಸ್ ತುಂಬಿದರೂ ಆ ಪರದೆ ಮತ್ತೆ ತಪ್ಪು ಅಂಕಿ ಒತ್ತಿ ಫೋನನ್ನು ಬಂದು ಮಾಡುತ್ತದೆ. ಅವಕಾಶ ಇನ್ನೂ ಉಳಿದಿರುವಾಗಲೇ ಪರದೆ ಬದಲಾಯಿಸಿದರೆ ಪಾಸ್‌ಕೋಡ್ ಹಾಕಿ ಎಲ್ಲವನ್ನೂ ಉಳಿಸಿಕೊಳ್ಳಬಹುದು. ಅಂಗಡಿಗೆ ಒಯ್ಯುವ ತನಕ ಫೋನ್ ಆಫ್ ಆಗಿರಲಿ. ಕಾಯುವ ಗಡಿಯಾರ ಹಿಂದೆ ಹೋದರೂ ಪರವಾಗಿಲ್ಲ, ಈ ಸ್ಥಿತಿಯಲ್ಲಿ ಉಳಿದ ಅವಕಾಶಗಳೇ ಮುಖ್ಯ.

ಪರದೆ ಒಂದು ಬದಿಯಲ್ಲಿ ಮೇಲೆದ್ದಿದ್ದರೆ ಒಳಗೆ ಬ್ಯಾಟರಿ ಉಬ್ಬಿರುವ ಸಾಧ್ಯತೆ ಹೆಚ್ಚು. ಅಂಥ ಫೋನನ್ನು ಚಾರ್ಜಿಗೂ ಕಂಪ್ಯೂಟರಿಗೂ ಹಾಕಬೇಡಿ, ಒತ್ತಿ ಕೂರಿಸಲು ಹೋಗಬೇಡಿ.

ಲಕ್ಷಣ: ಅವಕಾಶ ಮುಗಿದಿದೆ (ಕಾಯುವ ಸಮಯ ತೋರಿಸದ "Security Lockout", ಹಳೆಯ ಫೋನುಗಳಲ್ಲಿ "iPhone is disabled, connect to iTunes")

ಈಗ ಅಳಿಸದೆ ದಾರಿಯಿಲ್ಲ. ಆದರೂ ಕೈ ತಡೆಯಿರಿ. ಅಳಿಸುವ ಮೊದಲು ಎರಡು ಸಂಗತಿ ಖಚಿತವಾಗಬೇಕು.

ಮೊದಲನೆಯದು ಆಪಲ್ ಖಾತೆ. ಅಳಿಸಿದ ಮೇಲೆ ಫೋನ್ ಕೇಳುವುದು ಅದರಲ್ಲಿ ಮೊದಲಿದ್ದ ಆಪಲ್ ಖಾತೆಯ ಇಮೇಲ್ ಮತ್ತು ಪಾಸ್‌ವರ್ಡನ್ನು. ಅದಿಲ್ಲದಿದ್ದರೆ ಅಳಿಸಿಯೂ ಪ್ರಯೋಜನವಿಲ್ಲ. ಹಾಗಾಗಿ ಬೇರೆ ಸಾಧನದ ಬ್ರೌಸರ್‌ನಲ್ಲಿ ಆ ಖಾತೆಗೆ ಲಾಗಿನ್ ಆಗಿ ನೋಡಿ. ಮರೆತಿದ್ದರೆ iforgot.apple.com ನಲ್ಲಿ ಬದಲಿಸಿ. ದೃಢೀಕರಣದ ಆರಂಕಿಯ ಕೋಡ್ ಬಂದಾದ ಫೋನಿಗೇ ಬರುತ್ತದಲ್ಲ ಎಂದು ಕೈಚೆಲ್ಲಬೇಡಿ. ಸಿಮ್ ತೆಗೆದು ಮನೆಯ ಬೇರೆ ಯಾವುದಾದರೂ ಫೋನಿಗೆ, ಹಳೆಯ ಕೀಪ್ಯಾಡ್ ಫೋನಿಗಾದರೂ ಹಾಕಿದರೆ ಎಸ್‌ಎಮ್‌ಎಸ್ ಅಲ್ಲಿಗೆ ಬರುತ್ತದೆ. ಕೆಲವೊಮ್ಮೆ ಖಾತೆ ಮರಳಿ ಪಡೆಯಲು ಆಪಲ್ ಕೆಲವು ದಿನ ಕಾಯಿಸುತ್ತದೆ. ಆ ದಿನಗಳು ಕಳೆಯುವ ತನಕ ಫೋನನ್ನು ಅಳಿಸದೆ ಇಡುವುದೇ ಲೇಸು.

ಎರಡನೆಯದು ಬ್ಯಾಕಪ್ ಎಲ್ಲಿದೆ, ಯಾವತ್ತಿನದು ಎಂಬುದು. ಐಕ್ಲೌಡ್ ಬ್ಯಾಕಪ್ ನೋಡಲು ಅದೇ ಖಾತೆಯಲ್ಲಿರುವ ಐಪ್ಯಾಡ್ ಅಥವಾ ಮ್ಯಾಕ್ ಇದ್ದರೆ ಸುಲಭ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು, ಐಕ್ಲೌಡ್, ಸ್ಟೋರೇಜ್, "Backups" ಎಂದು ಹೋದರೆ ಪ್ರತಿ ಫೋನಿನ ಹೆಸರೂ ದಿನಾಂಕವೂ ಕಾಣುತ್ತವೆ. ಕಂಪ್ಯೂಟರಿನ ಬ್ಯಾಕಪ್ ಆದರೆ ವಿಂಡೋಸ್‌ನ ಐಟ್ಯೂನ್ಸ್‌ನಲ್ಲಿ "Edit", "Preferences", "Devices" ಪಟ್ಟಿಯಲ್ಲಿ ಇರುತ್ತದೆ. ದಿನಾಂಕದ ಪಕ್ಕ ಬೀಗದ ಚಿಹ್ನೆ ಇದ್ದರೆ ಅದು ಪಾಸ್‌ವರ್ಡ್ ಹಾಕಿದ ಬ್ಯಾಕಪ್. ಕಡತಗಳು ಇರುವ ಜಾಗ ಇವುಗಳಲ್ಲಿ ಒಂದು:

```
%appdata%\Apple Computer\MobileSync\Backup
%userprofile%\Apple\MobileSync\Backup
~/Library/Application Support/MobileSync/Backup/
```

ಮೊದಲ ಎರಡು ವಿಂಡೋಸ್‌ಗೆ, ಕೊನೆಯದು ಮ್ಯಾಕ್‌ಗೆ. ಆ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವ್‌ಗೋ ಹಾರ್ಡ್ ಡಿಸ್ಕ್‌ಗೋ ನಕಲು ಮಾಡಿಟ್ಟುಕೊಳ್ಳಿ. ಒಂದೇ ಫೋನಿನ ಹೊಸ ಬ್ಯಾಕಪ್ ಹಳೆಯದರ ಮೇಲೆಯೇ ಬರೆದುಕೊಳ್ಳುತ್ತದೆ. ಅಳಿಸಿದ ಖಾಲಿ ಫೋನನ್ನು ಕಂಪ್ಯೂಟರಿಗೆ ಹಾಕಿದಾಗ ಅಚಾತುರ್ಯದಿಂದ ಬ್ಯಾಕಪ್ ಆಗಿಬಿಟ್ಟರೆ ಇದ್ದ ಒಳ್ಳೆಯ ಬ್ಯಾಕಪ್ ಹೋಗುತ್ತದೆ. ನಕಲು ಇದ್ದರೆ ಆ ಭಯವಿಲ್ಲ.

ಚಿಕ್ಕಮ್ಮನ ಐಕ್ಲೌಡ್‌ನಲ್ಲಿ ಉಚಿತ 5 ಜಿಬಿ ತುಂಬಿ ತಿಂಗಳುಗಳಾಗಿದ್ದವು. ಅಲ್ಲಿದ್ದ ಕೊನೆಯ ಬ್ಯಾಕಪ್ ಯುಗಾದಿಯ ಹೊತ್ತಿನದು. ಅವರ ಮಗನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಮಾತ್ರ ಗಣೇಶನ ಹಬ್ಬದ ನಂತರ ತೆಗೆದ ಬ್ಯಾಕಪ್ ಸಿಕ್ಕಿತು, ಬೀಗದ ಚಿಹ್ನೆಯೊಂದಿಗೆ. "ಆ ಲ್ಯಾಪ್‌ಟಾಪಿನಲ್ಲಿ ನನ್ನದೇನೂ ಇಲ್ಲ" ಎಂದು ಚಿಕ್ಕಮ್ಮ ಸಾಧಿಸಿದ್ದರು. ನೋಡದೆ ಅವರ ಮಾತು ನಂಬಿ ಐಕ್ಲೌಡಿನಿಂದ ಮರಳಿಸಿದ್ದರೆ ಸುಮಾರು ಐದು ತಿಂಗಳ ದತ್ತಾಂಶ ಸುಮ್ಮನೆ ಕಳೆಯುತ್ತಿತ್ತು.

ಬ್ಯಾಕಪ್ ಎಲ್ಲೂ ಇಲ್ಲವಾದರೆ ಬಿಡಿಬಿಡಿಯಾಗಿ ಏನು ಉಳಿದಿದೆ ನೋಡಿ. ಐಕ್ಲೌಡ್ ಫೋಟೋಸ್ ಅಥವಾ ಗೂಗಲ್ ಫೋಟೋಸ್ ಆನ್ ಇದ್ದರೆ ಚಿತ್ರಗಳು ಬ್ಯಾಕಪ್‌ನ ಹಂಗಿಲ್ಲದೆ ಅಲ್ಲಿರುತ್ತವೆ. ಸಂಪರ್ಕಗಳು ಜಿಮೇಲ್ ಖಾತೆಯಲ್ಲಿ ಕೂತಿರಬಹುದು.

ಲಕ್ಷಣ: ಪರದೆಯ ಮೇಲೆಯೇ "Erase iPhone" ಅಥವಾ "Forgot Passcode?" ಇದೆ

ಮೇಲಿನ ಎರಡೂ ಸಂಗತಿ ಖಚಿತವಾಗಿದ್ದರೆ ಕಂಪ್ಯೂಟರ್ ಹುಡುಕುವ ಅಗತ್ಯವಿಲ್ಲ. ಐಓಎಸ್ 15.2ರಿಂದ ಈಚೆಗೆ ಈ ಬಟನ್ ಇದೆ. ಒತ್ತಿ, ಆಪಲ್ ಖಾತೆಯ ಪಾಸ್‌ವರ್ಡ್ ಕೊಟ್ಟರೆ ಫೋನ್ ಅಳಿಸಿಕೊಂಡು "Hello" ಪರದೆಗೆ ಬರುತ್ತದೆ. ಇಂಟರ್ನೆಟ್ ಇರಬೇಕು ಎಂಬುದಷ್ಟೇ ಷರತ್ತು.

ಬಟನ್ ಇಲ್ಲದಿದ್ದರೂ ಫೋನ್ ಇಂಟರ್ನೆಟ್‌ನಲ್ಲಿದ್ದು ಕಳೆದ ಫೋನ್ ಹುಡುಕುವ "Find My" ಆನ್ ಇದ್ದರೆ, ಬೇರೆ ಸಾಧನದಲ್ಲಿ icloud.com/find ತೆರೆದು ಅಲ್ಲಿಂದಲೇ ಅಳಿಸಬಹುದು. ಈ ಪುಟಕ್ಕೆ ಆರಂಕಿಯ ದೃಢೀಕರಣ ಕೋಡ್ ಬೇಡ, ಪಾಸ್‌ವರ್ಡ್ ಸಾಕು. ಅಳಿಸಿದ ಮೇಲೆ ಅಲ್ಲೇ "Remove This Device" ಒತ್ತಬೇಡಿ. ಒತ್ತಿದರೆ ಕಳ್ಳತನದಿಂದ ಕಾಯುವ ಬೀಗವೂ ಬಿಟ್ಟುಹೋಗುತ್ತದೆ, ನಿಮ್ಮದೇ ಫೋನಿಗೆ ಹಾಗೆ ಒತ್ತುವ ಅಗತ್ಯವಿಲ್ಲ.

ಚಿಕ್ಕಮ್ಮನ ಫೋನ್ ಆ ಹೊತ್ತಿಗೆ ಹಲವು ಬಾರಿ ಆಫ್ ಆಗಿ ಆನ್ ಆಗಿತ್ತು. ಡೇಟಾ ಪ್ಯಾಕ್ ಮುಗಿದಿತ್ತು, ವೈಫೈಗೆ ಸೇರುವಂತಿರಲಿಲ್ಲ. ಎರಡು ಸುಲಭದ ದಾರಿಗಳೂ ಹೀಗೆ ಮುಚ್ಚಿದ್ದರಿಂದ ರಿಕವರಿ ಮೋಡ್ ಹಿಡಿಯಬೇಕಾಯಿತು.

ಲಕ್ಷಣ: ಕಂಪ್ಯೂಟರಿಗೆ ಜೋಡಿಸಿದರೆ "ಮೊದಲು ಫೋನ್ ಅನ್‌ಲಾಕ್ ಮಾಡಿ" ಎನ್ನುತ್ತದೆ

ಬಂದಾದ ಫೋನನ್ನು ಸುಮ್ಮನೆ ಕೇಬಲ್ ಹಾಕಿ ಜೋಡಿಸಿದರೆ ಹೀಗಾಗುವುದು ಸಹಜ. ಬೀಗ ಬಿದ್ದು ಒಂದು ಗಂಟೆ ಕಳೆದರೆ ಐಫೋನ್ ತನ್ನ ಯುಎಸ್‌ಬಿ ಕಿಂಡಿಯ ಮೂಲಕ ಮಾತಾಡುವುದನ್ನೇ ನಿಲ್ಲಿಸುತ್ತದೆ. ಕೇಬಲ್ ಕೆಟ್ಟಿದೆ ಎಂದು ತಿಳಿಯಬೇಡಿ. ರಿಕವರಿ ಮೋಡ್‌ನಲ್ಲಿ ಈ ಅಡ್ಡಿ ಇಲ್ಲ.

ಬೇಕಾಗುವ ಸಾಮಾನು: ಮ್ಯಾಕ್ ಆದರೆ ಫೈಂಡರ್ ಸಾಕು, ವಿಂಡೋಸ್ ಆದರೆ ಐಟ್ಯೂನ್ಸ್ ಅಥವಾ "Apple Devices" ಆ್ಯಪ್. ದತ್ತಾಂಶ ಸಾಗಿಸುವ ಒಳ್ಳೆಯ ಕೇಬಲ್ ಬೇಕು, ಕೆಲವು ಅಗ್ಗದ ಕೇಬಲ್‌ಗಳು ಚಾರ್ಜ್ ಮಾತ್ರ ಮಾಡುತ್ತವೆ. ಡಿಸ್ಕ್‌ನಲ್ಲಿ 20 ಜಿಬಿಯಷ್ಟು ಖಾಲಿ ಜಾಗವಿರಲಿ. ಇಳಿಯಬೇಕಾದ ಐಓಎಸ್ ಕಡತವೇ ಹಲವು ಜಿಬಿ ಇರುವುದರಿಂದ ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ನೆಚ್ಚಿಕೊಂಡು ಕೂರಬೇಡಿ. ಫೋನಿನಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇರಲಿ.

ಕೇಬಲ್ ಹಾಕದೆ ಮೊದಲು ಫೋನ್ ಆಫ್ ಮಾಡಿ. ಹೋಮ್ ಬಟನ್ ಇಲ್ಲದ ಫೋನುಗಳಲ್ಲಿ ಬದಿಯ ಬಟನ್ ಮತ್ತು ಒಂದು ವಾಲ್ಯೂಮ್ ಬಟನ್ ಒಟ್ಟಿಗೆ ಹಿಡಿದರೆ ಆಫ್ ಮಾಡುವ ಪಟ್ಟಿ ಬರುತ್ತದೆ. ಎಳೆದ ಮೇಲೆ ಒಂದು ನಿಮಿಷ ಬಿಡಿ, ಪೂರ್ತಿ ಆಫ್ ಆಗಬೇಕು. ಈಗ ಒಂದು ಬಟನ್ ಒತ್ತಿಹಿಡಿದುಕೊಂಡೇ ಕೇಬಲ್ ಚುಚ್ಚಬೇಕು. ಆ ಬಟನ್ ಯಾವುದು ಎಂಬುದು ಮಾದರಿಗೆ ತಕ್ಕಂತೆ: ಐಫೋನ್ 8 ಮತ್ತು ನಂತರದವು, ಎಸ್ಇ ಎರಡನೆಯ, ಮೂರನೆಯ ತಲೆಮಾರು ಆದರೆ ಬದಿಯ ಬಟನ್. ಐಫೋನ್ 7, 7 ಪ್ಲಸ್ ಆದರೆ ವಾಲ್ಯೂಮ್ ಇಳಿಸುವ ಬಟನ್. 6ಎಸ್ ಮತ್ತು ಅದಕ್ಕಿಂತ ಹಳೆಯವು, ಮೊದಲ ಎಸ್ಇ ಆದರೆ ಹೋಮ್ ಬಟನ್.

ಆಪಲ್ ಚಿಹ್ನೆ ಕಂಡೊಡನೆ ಕೈ ಬಿಡುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. ಚಿಹ್ನೆ ಬಂದರೂ ಹಿಡಿದೇ ಇರಬೇಕು. ಕಂಪ್ಯೂಟರ್ ಮತ್ತು ಕೇಬಲ್‌ನ ಚಿತ್ರ ಬಂದ ಮೇಲೆ ಬಿಡಿ. ಪಾಸ್‌ಕೋಡ್ ಪರದೆ ಬಂದರೆ ಬೇಗ ಬಿಟ್ಟಿದ್ದೀರಿ ಎಂದರ್ಥ, ಮತ್ತೆ ಆಫ್ ಮಾಡಿ ಮೊದಲಿನಿಂದ ಮಾಡಿ.

ಈ ಚಿತ್ರ ಬಂದದ್ದರಿಂದಲೇ ಏನೂ ಅಳಿದಿಲ್ಲ. ಮನಸ್ಸು ಬದಲಾದರೆ ಕೇಬಲ್ ತೆಗೆದು ಬಲವಂತವಾಗಿ ಮರುಚಾಲನೆ ಮಾಡಿ ಹೊರಬರಬಹುದು. ಐಫೋನ್ 8 ಮತ್ತು ನಂತರದ್ದರಲ್ಲಿ ವಾಲ್ಯೂಮ್ ಏರಿಸುವ ಬಟನ್ ಒಮ್ಮೆ, ಇಳಿಸುವುದು ಒಮ್ಮೆ ಒತ್ತಿ ಬಿಟ್ಟು, ಬದಿಯ ಬಟನ್ ಹಿಡಿದರಾಯಿತು. ಕಂಪ್ಯೂಟರಿನಲ್ಲಿ ಬರುವ ಪೆಟ್ಟಿಗೆಯಲ್ಲಿ "Update" ಮತ್ತು "Restore" ಎಂಬ ಎರಡು ಆಯ್ಕೆಗಳಿರುತ್ತವೆ. "Update" ಐಓಎಸ್ ಅನ್ನು ಮಾತ್ರ ಮತ್ತೆ ತುಂಬಿ ದತ್ತಾಂಶವನ್ನೂ ಪಾಸ್‌ಕೋಡನ್ನೂ ಹಾಗೇ ಬಿಡುತ್ತದೆ, ಬೀಗದ ಸಮಸ್ಯೆಗೆ ಅದರಿಂದ ಉಪಯೋಗವಿಲ್ಲ. "Restore" ಫೋನನ್ನು ಅಳಿಸಲು ಶುರುಮಾಡಿದ ಮೇಲೆ ಹಿಂದಿರುಗುವ ದಾರಿಯಿಲ್ಲ.

ಲಕ್ಷಣ: ಡೌನ್‌ಲೋಡ್ ನಡೆಯುವಾಗಲೇ ಫೋನ್ ರಿಕವರಿ ಪರದೆಯಿಂದ ಹೊರಬರುತ್ತದೆ

ನಮಗೆ ಕಾಡಿದ್ದು ಇದೇ. "Restore" ಒತ್ತಿದ ಮೇಲೆ ಕಂಪ್ಯೂಟರ್ ಆಪಲ್‌ನಿಂದ ಐಓಎಸ್ ಇಳಿಸಿಕೊಳ್ಳುತ್ತದೆ. ಅದು 15 ನಿಮಿಷ ದಾಟಿದರೆ ಫೋನ್ ತಾನಾಗಿ ರಿಕವರಿ ಮೋಡ್‌ನಿಂದ ಹೊರಬಂದು ಮತ್ತೆ ಬೀಗದ ಪರದೆ ತೋರಿಸುತ್ತದೆ. ನಮ್ಮ ಊರುಗಳ ಇಂಟರ್ನೆಟ್ ವೇಗದಲ್ಲಿ 15 ನಿಮಿಷದೊಳಗೆ ಮುಗಿದರೆ ಅದೃಷ್ಟ. ಫೋನ್ ಕೆಟ್ಟಿತೆಂದು ಗಾಬರಿಯಾಗಿ ಡೌನ್‌ಲೋಡ್ ನಿಲ್ಲಿಸಬೇಡಿ. ಅದು ಮುಗಿಯಲಿ. ಮುಗಿದ ಮೇಲೆ ಫೋನ್ ಆಫ್ ಮಾಡಿ, ಮತ್ತೆ ರಿಕವರಿ ಮೋಡ್‌ಗೆ ತಂದು "Restore" ಒತ್ತಿ. ಕಡತ ಈಗಾಗಲೇ ಕಂಪ್ಯೂಟರಿನಲ್ಲಿ ಇರುವುದರಿಂದ ಕೆಲಸ ನೇರ ಮುಂದೆ ಸಾಗುತ್ತದೆ. ಚಿಕ್ಕಮ್ಮನ ಫೋನಿನಲ್ಲಿ ಡೌನ್‌ಲೋಡಿಗೆ ಹಿಡಿದ ಹೊತ್ತಿಗೆ ಹೋಲಿಸಿದರೆ ತುಂಬುವ ಕೆಲಸಕ್ಕೆ ಹಿಡಿದದ್ದು ಏನೂ ಅಲ್ಲ.

ಮನೆಯ ಇಂಟರ್ನೆಟ್ ತೀರಾ ನಿಧಾನವಾದರೆ ಬೇರೆಡೆ ಆ ಮಾದರಿಯ ಐಓಎಸ್ ಇರುವ ಐಪಿಎಸ್‌ಡಬ್ಲ್ಯೂ ಕಡತ ಇಳಿಸಿಕೊಂಡು ತನ್ನಿ. ವಿಂಡೋಸ್ ಐಟ್ಯೂನ್ಸ್‌ನಲ್ಲಿ Shift ಕೀಲಿ, ಮ್ಯಾಕ್‌ನಲ್ಲಿ Option ಕೀಲಿ ಹಿಡಿದು "Restore" ಒತ್ತಿದರೆ ಕಡತ ಆರಿಸಿಕೊಳ್ಳಲು ಕೇಳುತ್ತದೆ. ಆಗಲೂ ಅಲ್ಪ ಇಂಟರ್ನೆಟ್ ಬೇಕೇಬೇಕು, ಏಕೆಂದರೆ ಪ್ರತಿ ಬಾರಿಯೂ ಆಪಲ್‌ನ ಸರ್ವರ್ ಒಪ್ಪಿಗೆ ಕೊಟ್ಟರೆ ಮಾತ್ರ ಐಓಎಸ್ ಕೂರುತ್ತದೆ.

ನಡುವೆ ಕರೆಂಟ್ ಹೋದರೆ? ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗಿಂತ ಲ್ಯಾಪ್‌ಟಾಪ್ ಇದಕ್ಕೇ ವಾಸಿ. ಅರ್ಧಕ್ಕೆ ನಿಂತರೂ ಫೋನ್ ಸಾಯುವುದಿಲ್ಲ, ರಿಕವರಿ ಪರದೆಯಲ್ಲೇ ಉಳಿಯುತ್ತದೆ. ಕರೆಂಟ್ ಬಂದ ಮೇಲೆ ಮತ್ತೆ ಮಾಡಬೇಕು, ಅಷ್ಟೇ.

ಲಕ್ಷಣ: ಕಂಪ್ಯೂಟರ್ ಫೋನನ್ನು ಗುರುತಿಸುವುದಿಲ್ಲ, ಅಥವಾ ಸಂಖ್ಯೆಯೊಂದಿಗೆ ದೋಷ ತೋರಿಸುತ್ತದೆ

ಮೊದಲು ಕೇಬಲ್ ಬದಲಿಸಿ, ಆಮೇಲೆ ಕಂಪ್ಯೂಟರಿನ ಬೇರೆ ಕಿಂಡಿ, ಹಬ್ ಇದ್ದರೆ ತೆಗೆದು ನೇರ ಜೋಡಣೆ. ಆಮೇಲೆ ಐಟ್ಯೂನ್ಸ್ ಹೊಸ ಆವೃತ್ತಿಗೆ ತನ್ನಿ. ಕೊನೆಗೆ ಬೇರೆ ಕಂಪ್ಯೂಟರ್. ಈ ಕ್ರಮವನ್ನು ಮುರಿಯಬೇಡಿ, ಹೆಚ್ಚಿನ ತೊಂದರೆ ಮೊದಲ ಎರಡರಲ್ಲೇ ತೀರುತ್ತದೆ.

3194 ಎಂದು ಬಂದರೆ ಕಂಪ್ಯೂಟರಿಗೆ ಆಪಲ್‌ನ ಸರ್ವರ್ ಮುಟ್ಟಲಾಗುತ್ತಿಲ್ಲ. ಕಚೇರಿಯ ಜಾಲ, ವಿಪಿಎನ್, ಆ್ಯಂಟಿವೈರಸ್ ತಡೆಯುತ್ತಿರಬಹುದು. ಮನೆಯ ಜಾಲಕ್ಕೆ ಬದಲಿಸಿ ನೋಡಿ. 9, 4013, 4014 ಎಂದು ಬಂದರೆ ಕೆಲಸದ ನಡುವೆ ಫೋನಿನ ಸಂಪರ್ಕ ತಪ್ಪಿದೆ. ಒಳ್ಳೆಯ ಕೇಬಲ್, ಬೇರೆ ಕಂಪ್ಯೂಟರ್ ಎರಡರಲ್ಲೂ ಅದೇ ಸಂಖ್ಯೆ ಬಂದರೆ ದೋಷ ಫೋನಿನೊಳಗೇ ಇರುವ ಸಾಧ್ಯತೆ ಹೆಚ್ಚು. ಅಲ್ಲಿಗೆ ಮನೆಯ ಕೆಲಸ ಮುಗಿಯಿತು, ಅಧಿಕೃತ ಸೇವಾ ಕೇಂದ್ರಕ್ಕೆ ಒಯ್ಯಿರಿ.

ಲಕ್ಷಣ: "iPhone Locked to Owner" ಎಂದು ಆಪಲ್ ಖಾತೆ ಕೇಳುತ್ತಿದೆ

ಇದು ದೋಷವಲ್ಲ. ಮೊದಲೇ ಪರೀಕ್ಷಿಸಿಟ್ಟುಕೊಂಡ ಇಮೇಲ್, ಪಾಸ್‌ವರ್ಡ್ ಹಾಕಿದರೆ ದಾಟುತ್ತದೆ. ನಕ್ಷತ್ರಗಳ ನಡುವೆ ತೋರಿಸುವ ಇಮೇಲ್‌ನ ಮೊದಲ ಅಕ್ಷರ ನೋಡಿ. ಅದು ನಿಮ್ಮದಲ್ಲದಿದ್ದರೆ ಫೋನ್ ಇನ್ನೊಬ್ಬರ ಖಾತೆಯಲ್ಲಿದೆ. ಅಂಗಡಿಯವನು ಫೋನ್ ಮಾರುವಾಗ ತಾನೇ ಒಂದು ಖಾತೆ ತೆರೆದುಕೊಟ್ಟಿರುವುದು ನಮ್ಮಲ್ಲಿ ಅಪರೂಪವಲ್ಲ. ಅವನನ್ನೇ ಕೇಳಬೇಕು. ಸೆಕೆಂಡ್ ಹ್ಯಾಂಡ್ ಆದರೆ ಹಿಂದಿನ ಮಾಲೀಕರು ತಮ್ಮ ಖಾತೆಯಿಂದ ಅದನ್ನು ತೆಗೆಯಬೇಕು. ನೀವೇ ಮೊದಲ ಮಾಲೀಕರಾಗಿದ್ದು ಖಾತೆ ಕೈತಪ್ಪಿದ್ದರೆ, ಖರೀದಿಯ ಮೂಲ ಬಿಲ್ ಇಟ್ಟುಕೊಂಡು ಆಪಲ್ ಬೆಂಬಲವನ್ನು ಸಂಪರ್ಕಿಸಿ. ಬಿಲ್‌ನಲ್ಲಿ ಐಎಮ್ಇಐ ಅಥವಾ ಸೀರಿಯಲ್ ಸಂಖ್ಯೆ ಇದ್ದರೆ ಮಾತು ಬೇಗ ಮುಗಿಯುತ್ತದೆ.

"ದತ್ತಾಂಶ ಹೋಗದಂತೆ ಪಾಸ್‌ಕೋಡ್ ತೆಗೆದುಕೊಡುತ್ತೇವೆ" ಎನ್ನುವ ಅಂಗಡಿಯನ್ನೂ ಹಣ ಕೇಳುವ ತಂತ್ರಾಂಶವನ್ನೂ ನಂಬಬೇಡಿ. ಪಾಸ್‌ಕೋಡ್ ತೆಗೆಯುತ್ತೇವೆ ಎನ್ನುವ ಅಂಥ ತಂತ್ರಾಂಶಗಳು ಮಾಡುವುದು ಇದೇ ರಿಕವರಿ ಮೋಡ್ ಕೆಲಸವನ್ನು. ಬೆಂಗಳೂರಿನ ಆಪಲ್ ಮಳಿಗೆಗೆ ಹೋದರೂ ಮರೆತ ಪಾಸ್‌ಕೋಡ್ ಅವರಿಗೆ ತೆರೆಯಲು ಬರುವುದಿಲ್ಲ.

ಲಕ್ಷಣ: "Hello" ಬಂದಿದೆ, ಆದರೆ ಬ್ಯಾಕಪ್ ಕಾಣುತ್ತಿಲ್ಲ ಅಥವಾ ಒಪ್ಪುತ್ತಿಲ್ಲ

ಹೊಸ ಫೋನಿನಂತೆ ಹಂತಗಳನ್ನು ದಾಟುತ್ತ ಹೋದಾಗ ಐಕ್ಲೌಡ್‌ನಿಂದಲೋ ಕಂಪ್ಯೂಟರಿನಿಂದಲೋ ಮರಳಿಸಬೇಕೇ ಎಂದು ಒಂದು ಪರದೆ ಕೇಳುತ್ತದೆ. ಆತುರದಲ್ಲಿ ಅದನ್ನು ದಾಟಿ ಹೊಸ ಫೋನಾಗಿ ಶುರುಮಾಡಿದರೆ ಆ ಪರದೆ ಮತ್ತೆ ಸಿಗಲು ಫೋನನ್ನು ಇನ್ನೊಮ್ಮೆ ಅಳಿಸಬೇಕು.

ಐಕ್ಲೌಡ್ ಪಟ್ಟಿ ಖಾಲಿ ಇದ್ದರೆ ಬೇರೆ ಖಾತೆಯಲ್ಲಿ ಲಾಗಿನ್ ಆಗಿದ್ದೀರಾ ನೋಡಿ. ಐಕ್ಲೌಡ್ ಬ್ಯಾಕಪ್ ನಿಲ್ಲಿಸಿದ ಮೇಲೆ ಹಳೆಯ ಪ್ರತಿಯನ್ನು ಆಪಲ್ 180 ದಿನ ಮಾತ್ರ ಇಟ್ಟುಕೊಳ್ಳುತ್ತದೆ ಎಂಬುದೂ ನೆನಪಿರಲಿ. ಬ್ಯಾಕಪ್ ಹೊಂದುವುದಿಲ್ಲ ಎಂದರೆ ಅದು ಫೋನಿನಲ್ಲಿರುವುದಕ್ಕಿಂತ ಹೊಸ ಐಓಎಸ್‌ನಿಂದ ತೆಗೆದದ್ದು. ಫೋನಿನ ಐಓಎಸ್ ಅನ್ನು ನವೀಕರಿಸಿ ಮತ್ತೆ ಮರಳಿಸಿ.

ಚಿಕ್ಕಮ್ಮನ ಬ್ಯಾಕಪ್ ಪಾಸ್‌ವರ್ಡ್ ಕೇಳಿತು. ಇದು ಪಾಸ್‌ಕೋಡೂ ಅಲ್ಲ, ಆಪಲ್ ಖಾತೆಯದ್ದೂ ಅಲ್ಲ. ಬ್ಯಾಕಪ್ ತೆಗೆಯುವಾಗ ಇಟ್ಟದ್ದು. ಇಲ್ಲಿ ಎಷ್ಟು ಬಾರಿ ತಪ್ಪಿದರೂ ಬೀಗ ಬೀಳುವುದಿಲ್ಲ, ಹಾಗಾಗಿ ಸಾವಧಾನವಾಗಿ ಒಂದೊಂದೇ ಹಾಕಿ ನೋಡಿದೆವು. ಲ್ಯಾಪ್‌ಟಾಪಿನ ಲಾಗಿನ್ ಪಾಸ್‌ವರ್ಡ್, ಹಳೆಯ ಆಪಲ್ ಪಾಸ್‌ವರ್ಡ್ ಆಗಲಿಲ್ಲ. ಕೊನೆಗೆ ಹೊಂದಿದ್ದು ಮನೆಯ ಹಳೆಯ ವೈಫೈ ಪಾಸ್‌ವರ್ಡ್. ಅದೂ ಸಿಗದಿದ್ದರೆ ಆ ಬ್ಯಾಕಪ್ ಇದ್ದೂ ಇಲ್ಲದಂತೆ, ಯುಗಾದಿಯದ್ದೇ ಗತಿಯಾಗುತ್ತಿತ್ತು. ಬೀಗ ಹಾಕಿದ ಬ್ಯಾಕಪ್‌ಗೆ ಒಂದು ಲಾಭವಿದೆ: ಉಳಿಸಿಟ್ಟ ಪಾಸ್‌ವರ್ಡ್‌ಗಳು, ವೈಫೈ, ಆರೋಗ್ಯದ ದಾಖಲೆಗಳು ಬೀಗವಿಲ್ಲದ ಕಂಪ್ಯೂಟರ್ ಬ್ಯಾಕಪ್‌ನಲ್ಲಿ ಬರುವುದಿಲ್ಲ, ಇದರಲ್ಲಿ ಬರುತ್ತವೆ.

ಲಕ್ಷಣ: ಎಲ್ಲ ಬಂದಿದೆ, ಆದರೆ ಯುಪಿಐ, ವಾಟ್ಸ್ಆ್ಯಪ್ ಕೆಲಸ ಮಾಡುತ್ತಿಲ್ಲ

ಯುಪಿಐ ಮತ್ತು ಬ್ಯಾಂಕ್ ಆ್ಯಪ್‌ಗಳು ಸಿಮ್‌ನೊಂದಿಗೂ ಫೋನಿನೊಂದಿಗೂ ಗಂಟು ಹಾಕಿಕೊಂಡಿರುತ್ತವೆ. ಬ್ಯಾಕಪ್‌ನಿಂದ ಆ ಗಂಟು ಬರುವುದಿಲ್ಲ. ಸಿಮ್ ಹಿಂದಕ್ಕೆ ಹಾಕಿ, ಎಸ್‌ಎಮ್‌ಎಸ್ ಕಳಿಸುವಷ್ಟು ಬ್ಯಾಲೆನ್ಸ್ ಇಟ್ಟುಕೊಂಡು ಮತ್ತೆ ನೋಂದಾಯಿಸಿ. ವಾಟ್ಸ್ಆ್ಯಪ್ ತನ್ನದೇ ಬ್ಯಾಕಪ್‌ಗೆ ಪ್ರತ್ಯೇಕ ಪಾಸ್‌ವರ್ಡ್ ಅಥವಾ 64 ಅಂಕಿಯ ಕೀಲಿ ಕೇಳಿದರೆ ಅದು ನಿಮ್ಮಲ್ಲಿ ಇರಬೇಕು, ಕಂಪನಿಯೂ ಕೊಡಲಾರದು. ಗೂಗಲ್ ಆಥೆಂಟಿಕೇಟರ್ ಖಾಲಿ ಬಂದರೆ ಅದೇ ಗೂಗಲ್ ಖಾತೆಯಲ್ಲಿ ಲಾಗಿನ್ ಆಗಿ ನೋಡಿ.

ಆ್ಯಪ್‌ಗಳ ಚಿತ್ರಗಳು ಬೂದು ಬಣ್ಣದಲ್ಲಿದ್ದರೆ ಅವು ಇನ್ನೂ ಇಳಿಯುತ್ತಿವೆ. ರಾತ್ರಿ ಚಾರ್ಜರ್‌ಗೂ ವೈಫೈಗೂ ಹಾಕಿಡಿ. ಚಿಕ್ಕಮ್ಮನ ಗಣೇಶನ ಹಬ್ಬದ ನಂತರದ ಫೋಟೋಗಳು ಬ್ಯಾಕಪ್‌ನಲ್ಲಿ ಇರಲಿಲ್ಲ, ಹೆಚ್ಚಿನವು ಗೂಗಲ್ ಫೋಟೋಸ್‌ನಲ್ಲಿ ಸಿಕ್ಕವು. ಆ ನಡುವಿನ ಎಸ್‌ಎಮ್‌ಎಸ್‌ಗಳು ಹೋದವು. ಹೊಸ ಪಾಸ್‌ಕೋಡನ್ನು ಅವರು ಅಡುಗೆಮನೆಯ ದಿನಸಿ ಪುಸ್ತಕದ ಕೊನೆಯ ಪುಟದಲ್ಲಿ, ಹಾಲಿನ ಲೆಕ್ಕದ ನಡುವೆ, ಲೀಟರ್‌ಗಳ ವೇಷದಲ್ಲಿ ಬರೆದಿಟ್ಟಿದ್ದಾರೆ.